ಡಿಎ ಏರಿದಾಗ ಹೊಸ ಸಂಬಳ ಎಷ್ಟು? ಮನೆ ಬಾಡಿಗೆ ಭತ್ಯೆಯಲ್ಲಿ ಎಡವಬೇಡಿ

ತುಮಕೂರಿನ ಒಂದು ಕಚೇರಿಯಲ್ಲಿ ಹಲವು ವರ್ಷ ಸಂಬಳದ ಬಿಲ್ ಮಾಡಿದವನು ನಾನು. ನಿವೃತ್ತಿಯಾದರೂ ಆ ಕೆಲಸ ನನ್ನನ್ನು ಬಿಟ್ಟಿಲ್ಲ. ತುಟ್ಟಿಭತ್ಯೆ ಆದೇಶ ಬಂತು ಅಂದರೆ ಆ ವಾರ ಯಾರಾದರೂ ಒಬ್ಬರು ಮೊಬೈಲ್ ಹಿಡಿದುಕೊಂಡು ಮನೆಗೆ ಬಂದೇ ಬರುತ್ತಾರೆ.

ಕಳೆದ ಸಲ ಬಂದವರು ಗುಬ್ಬಿಯಿಂದ ದಿನಾ ಓಡಾಡುವ ಒಬ್ಬ ಎಫ್‌ಡಿಎ ಮೇಡಂ. ಕ್ಯಾಲೆಂಡರ್ ಹಾಳೆಯ ಹಿಂದೆ ಲೆಕ್ಕ ಬರೆದು ತಂದಿದ್ದರು. "ಸಾರ್, ನನಗೆ 511 ರೂಪಾಯಿ ಕಡಿಮೆ ಹಾಕಿದ್ದಾರೆ. ಕೇಸ್ ವರ್ಕರ್ ಕೇಳಿದರೆ ಸರಿಯಾಗೇ ಇದೆ ಅಂತಾರೆ" ಎಂದರು. ಹಾಳೆ ನೋಡಿದೆ. ಕೇಸ್ ವರ್ಕರ್ ಹೇಳಿದ್ದೇ ಸರಿ. ಈ 511 ಎಲ್ಲಿಂದ ಹುಟ್ಟಿತು ಅನ್ನುವುದನ್ನು ಹಿಡಿದುಕೊಂಡೇ ಲೆಕ್ಕ ಮಾಡೋಣ.

ಮೊದಲು ಮೂಲ ವೇತನ

ಪೇ ಸ್ಲಿಪ್ಪಿನಲ್ಲಿ 'ಬೇಸಿಕ್' ಎಂದು ಇರುವ ಮೊತ್ತ ಬರೆದುಕೊಳ್ಳಿ. ಒಟ್ಟು ಸಂಬಳ ಬೇಡ, ಕೈಗೆ ಬಂದದ್ದೂ ಬೇಡ. ಮೇಡಂ ಅವರದು 47,800 ರೂಪಾಯಿ. ಎಫ್‌ಡಿಎ ವೇತನ ಶ್ರೇಣಿ 44,425ರಿಂದ ಶುರುವಾಗುತ್ತದೆ, ಹಾಗಾಗಿ ಇವರು ಮೂರು ಇಂಕ್ರಿಮೆಂಟ್ ದಾಟಿದ್ದಾರೆ.

ತುಟ್ಟಿಭತ್ಯೆ

ರಾಜ್ಯ ಸರ್ಕಾರ 2025ರ ಜುಲೈ 1ರಿಂದ ಅನ್ವಯವಾಗುವಂತೆ ಡಿಎ ದರವನ್ನು ಶೇ 12.25ರಿಂದ ಶೇ 14.25ಕ್ಕೆ ಏರಿಸಿತು. ಈ 'ಶೇ 2' ಯಾವುದರ ಮೇಲೆ ಅನ್ನುವುದೇ ಮೊದಲ ಗುಂಡಿ. ಕೆಲವರು ಹಳೆಯ ಡಿಎ ಮೇಲೆ ಶೇ 2 ಹಾಕಿ 117 ರೂಪಾಯಿ ಅಂತ ಬೇಜಾರಾಗುತ್ತಾರೆ. ಇನ್ನು ಕೆಲವರು ಒಟ್ಟು ಸಂಬಳದ ಮೇಲೆ ಹಾಕಿ 1,145 ಅಂತ ಖುಷಿಪಡುತ್ತಾರೆ. ಎರಡೂ ತಪ್ಪು. ಅದು ಮೂಲ ವೇತನದ ಶೇ 2.

47,800ಕ್ಕೆ ಶೇ 12.25 ಅಂದರೆ 5,855.50. ಐವತ್ತು ಪೈಸೆ ಮತ್ತು ಮೇಲಿದ್ದರೆ ಮುಂದಿನ ರೂಪಾಯಿ, ಕಡಿಮೆಯಿದ್ದರೆ ಬಿಟ್ಟುಬಿಡುವುದು ನಿಯಮ. ಆದ್ದರಿಂದ ಹಳೆಯ ಡಿಎ 5,856. ಶೇ 14.25 ಅಂದರೆ 6,811.50, ಅಂದರೆ 6,812. ಏರಿಕೆ 956 ರೂಪಾಯಿ.

ಬಾಯಿಲೆಕ್ಕ ಬೇಕಾದರೆ ಬೇಸಿಕ್‌ನ ಕೊನೆಯ ಎರಡು ಅಂಕಿ ತೆಗೆದುಬಿಡಿ. 478 ಆಯಿತು. ದುಪ್ಪಟ್ಟು ಮಾಡಿ, 956. ಪೈಸೆ ಸರಿಮಾಡುವುದರಿಂದ ಕೆಲವರಿಗೆ ಒಂದು ರೂಪಾಯಿ ಹೆಚ್ಚುಕಡಿಮೆ ಬರಬಹುದು. ಅದಕ್ಕಾಗಿ ಅರ್ಜಿ ಬರೆಯಬೇಡಿ.

ಈಗ ಎಚ್‌ಆರ್‌ಎ, ಎಲ್ಲರೂ ಮುಗ್ಗರಿಸುವ ಜಾಗ

ಮನೆ ಬಾಡಿಗೆ ಭತ್ಯೆ ಮೂಲ ವೇತನಕ್ಕೆ ಕಟ್ಟಿದ್ದು. ಬೇಸಿಕ್ ಮತ್ತು ಡಿಎ ಸೇರಿಸಿದ ಮೊತ್ತಕ್ಕಲ್ಲ. ತುಮಕೂರಿನಲ್ಲಿ ದರ ಶೇ 7.5. ಹಾಗಾಗಿ 47,800ಕ್ಕೆ 3,585 ರೂಪಾಯಿ. ಡಿಎ ಏರುವ ಮೊದಲೂ ಅಷ್ಟೇ, ಏರಿದ ಮೇಲೂ ಅಷ್ಟೇ.

ಮೇಡಂ ಮಾಡಿದ್ದೇನು ಅಂದರೆ, ಬೇಸಿಕ್‌ಗೆ ಹೊಸ ಡಿಎ ಕೂಡಿಸಿ 54,612 ಮಾಡಿಕೊಂಡು ಅದಕ್ಕೆ ಶೇ 7.5 ಹಾಕಿದ್ದರು. 4,096 ಬಂತು. 4,096ರಲ್ಲಿ 3,585 ಕಳೆಯಿರಿ. ಅದೇ ಆ 511.

"ಹೋದ ಸಲ ಸಂಬಳ ಏರಿದಾಗ ಎಚ್‌ಆರ್‌ಎ ಏರಿತ್ತಲ್ವಾ ಸಾರ್?" ಎಂದು ಕೇಳಿದರು. ಏರಿತ್ತು, ನಿಜ. ಆದರೆ ಅದು ಡಿಎ ಏರಿಕೆಯಲ್ಲ, ವೇತನ ಪರಿಷ್ಕರಣೆ. 2024ರ ಆಗಸ್ಟ್ 1ರಿಂದ ಏಳನೇ ರಾಜ್ಯ ವೇತನ ಆಯೋಗದ ಶ್ರೇಣಿ ಜಾರಿಗೆ ಬಂತು. ಅಲ್ಲಿಯವರೆಗೆ ಕೂಡಿದ್ದ ಡಿಎಯಲ್ಲಿ ಶೇ 31 ಮತ್ತು ಶೇ 27.5ರ ಫಿಟ್‌ಮೆಂಟ್ ಬೇಸಿಕ್ ಒಳಗೇ ಸೇರಿಕೊಂಡವು. ಎಫ್‌ಡಿಎ ಶ್ರೇಣಿಯ ಆರಂಭ 27,650 ಇದ್ದದ್ದು 44,425 ಆಯಿತು. ಆಗ ನಮ್ಮ ಕಡೆಯ ಎಚ್‌ಆರ್‌ಎ ದರ ಶೇ 8ರಿಂದ 7.5ಕ್ಕೆ ಇಳಿಯಿತು. ದರ ಇಳಿದರೂ ಕೈಗೆ ಬರುವುದು 2,212ರಿಂದ 3,332ಕ್ಕೆ ಏರಿತು. ಬೇಸಿಕ್ ಹಿಗ್ಗಿದ್ದಕ್ಕೆ ಅದು ಹಿಗ್ಗಿತು. ಡಿಎ ಬೇಸಿಕ್ ಒಳಗೆ ಸೇರುವವರೆಗೂ ಎಚ್‌ಆರ್‌ಎಗೆ ಅದು ಕಾಣುವುದೇ ಇಲ್ಲ.

ಗೊಂದಲಕ್ಕೆ ಇನ್ನೊಂದು ಕಾರಣ ಕೇಂದ್ರ ಸರ್ಕಾರದ ನೌಕರರ ಪದ್ಧತಿ. ಅವರಲ್ಲಿ ಡಿಎ ಶೇ 25 ಮುಟ್ಟಿದಾಗ ಒಮ್ಮೆ, ಶೇ 50 ಮುಟ್ಟಿದಾಗ ಇನ್ನೊಮ್ಮೆ ಎಚ್‌ಆರ್‌ಎ ದರವೇ ಬದಲಾಯಿತು. ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ಲೆಕ್ಕದ ಪಟ್ಟಿಗಳು ಬಹುಪಾಲು ಅವರವು. ಮೊಬೈಲಿನಲ್ಲಿ ಸಿಗುವ 'ಡಿಎ ಕ್ಯಾಲ್ಕುಲೇಟರ್' ಆ್ಯಪ್‌ಗಳನ್ನೂ ನಾನು ನಂಬುವುದಿಲ್ಲ. ಒಂದನ್ನು ಹಾಕಿಕೊಂಡು ನೋಡಿದೆ. ತುಮಕೂರು ಅಂತ ಒತ್ತಿದರೆ ಶೇ 10 ಎಚ್‌ಆರ್‌ಎ ತೋರಿಸಿತು. ಅದು ಕೇಂದ್ರದವರ ದರ. ಹತ್ತು ಪೈಸೆ ಕೆಲಸಕ್ಕೆ ಆ್ಯಪ್ ಯಾಕೆ? ಎಕ್ಸೆಲ್ ಬರುವವರು ಬೇಸಿಕ್ ಅನ್ನು B2ರಲ್ಲಿ ಹಾಕಿ, B3, B4, B5ರಲ್ಲಿ ಕ್ರಮವಾಗಿ ಇವನ್ನು ಬರೆದರೆ ಮುಗಿಯಿತು:

```
=ROUND(B2*14.25%,0)
=ROUND(B2*7.5%,0)
=B2+B3+B4
```

ಎರಡನೇ ಸಾಲಿನಲ್ಲಿ B3 ಸುಳಿಯಲೇ ಬಾರದು. ಸುಳಿದಿದ್ದರೆ ನೀವೂ ಕ್ಯಾಲೆಂಡರ್ ಹಾಳೆಯ ಲೆಕ್ಕವನ್ನೇ ಮಾಡಿದ್ದೀರಿ.

ದರ ಯಾವ ಊರಿನದು ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಬೆಂಗಳೂರಿನಲ್ಲಿ ಶೇ 20, ಮೈಸೂರು, ಹುಬ್ಬಳ್ಳಿ-ಧಾರವಾಡದಂಥ ಐದು ಲಕ್ಷ ಜನಸಂಖ್ಯೆ ದಾಟಿದ ನಗರಗಳಲ್ಲಿ ಶೇ 15, ಉಳಿದ ಕಡೆ ಶೇ 7.5. ತುಮಕೂರು ಮಹಾನಗರ ಪಾಲಿಕೆಯಾದರೂ 2011ರ ಜನಗಣತಿಯಲ್ಲಿ ಮೂರು ಲಕ್ಷದ ಆಸುಪಾಸಿನಲ್ಲೇ ಇತ್ತು. ಆದ್ದರಿಂದ ಪಾವಗಡಕ್ಕೂ ತುಮಕೂರಿಗೂ ಒಂದೇ ದರ. ನೋಡುವುದು ಕೆಲಸದ ಜಾಗ, ಮನೆಯ ಜಾಗ ಅಲ್ಲ. ಯಶವಂತಪುರದಲ್ಲಿ ಮನೆ ಮಾಡಿಕೊಂಡು ಬೆಳಗಿನ ರೈಲಿನಲ್ಲಿ ತುಮಕೂರಿಗೆ ಬರುವವರು ಬೆಂಗಳೂರಿನ ಬಾಡಿಗೆ ಕಟ್ಟುತ್ತಾರೆ, ಭತ್ಯೆ ಮಾತ್ರ ಶೇ 7.5. ಇಲ್ಲೇ ಮನೆ ಇದ್ದು ಬೆಂಗಳೂರಿನ ಕಚೇರಿಗೆ ಹೋಗುವವರಿಗೆ ಅದೇ ಬೇಸಿಕ್‌ಗೆ 9,560 ಸಿಗುತ್ತದೆ. ಸರ್ಕಾರಿ ಕ್ವಾರ್ಟರ್ಸ್‌ನಲ್ಲಿರುವವರಿಗೆ ಇದ್ಯಾವುದೂ ಇಲ್ಲ.

ಕೂಡಿಸಿ, ಕಡಿತ ನೋಡಿ

ಹಳೆಯದು 47,800, 5,856, 3,585 ಸೇರಿ 57,241. ಹೊಸದು 47,800, 6,812, 3,585 ಸೇರಿ 58,197. ವ್ಯತ್ಯಾಸ ಅದೇ 956.

ಆದರೆ ಬ್ಯಾಂಕಿಗೆ 956 ಜಾಸ್ತಿ ಬರುವುದಿಲ್ಲ. 2006ರ ಏಪ್ರಿಲ್ 1 ಅಥವಾ ನಂತರ ಸೇರಿ ಎನ್‌ಪಿಎಸ್‌ನಲ್ಲಿರುವವರಿಗೆ ಬೇಸಿಕ್ ಮತ್ತು ಡಿಎ ಸೇರಿದ ಮೊತ್ತದ ಶೇ 10 ಕಡಿತವಾಗುತ್ತದೆ. ಗಮನಿಸಿ, ಎಚ್‌ಆರ್‌ಎಗೆ ಲೆಕ್ಕಕ್ಕಿಲ್ಲದ ಡಿಎ ಎನ್‌ಪಿಎಸ್‌ಗೆ ಲೆಕ್ಕಕ್ಕಿದೆ. ಕಡಿತ 5,366ರಿಂದ 5,461ಕ್ಕೆ ಏರಿತು. ಕೈಗೆ ಸಿಕ್ಕಿದ್ದು 861 ರೂಪಾಯಿ. ವೃತ್ತಿ ತೆರಿಗೆಯ 200 ಹಾಗೇ ಇರುತ್ತದೆ.

ಬಾಕಿ: ಇಂಕ್ರಿಮೆಂಟ್ ಮೊದಲು, ಡಿಎ ಆಮೇಲೆ

ಜುಲೈಯಿಂದ ಅನ್ವಯವಾದರೂ ಆದೇಶ ಬಂದದ್ದು ಅಕ್ಟೋಬರಿನಲ್ಲಿ. ಹಾಗಾಗಿ ಮೂರು ತಿಂಗಳ ಬಾಕಿ. ಮೇಡಂ ಅವರದು ಸುಲಭ: 956ರ ಮೂರರಷ್ಟು, 2,868. ಅದರಲ್ಲೂ ಎನ್‌ಪಿಎಸ್ ಹತ್ತರಲ್ಲೊಂದು ಪಾಲು ಹೋಗುತ್ತದೆ. ನಡುವೆ ಸಂಬಳವಿಲ್ಲದ ರಜೆ ಹಾಕಿದ್ದರೆ ಆ ದಿನಗಳಿಗೆ ಡಿಎ ಇಲ್ಲ. ಆಗಸ್ಟಿನಲ್ಲಿ ಹತ್ತು ದಿನ ಹೋಗಿದ್ದರೆ ಆ ತಿಂಗಳ 956 ಬದಲು ಸುಮಾರು 650 ಬರುತ್ತದೆ.

ಕಷ್ಟ ಇರುವುದು ಅವರ ಪಕ್ಕದ ಮೇಜಿನವರದ್ದು. ಜುಲೈ 1ರ ಇಂಕ್ರಿಮೆಂಟ್ ಆದೇಶ ತಡವಾಗಿ, ಮೂರು ತಿಂಗಳೂ ಹಳೆಯ ಬೇಸಿಕ್ 46,675ರಲ್ಲೇ ಸಂಬಳ ಆಗಿತ್ತು. ಇಂಥವರು ಡ್ಯೂ-ಡ್ರಾನ್ ಪಟ್ಟಿ ಮಾಡಲೇಬೇಕು. ಒಂದು ಕಡೆ ಬರಬೇಕಿದ್ದದ್ದು, ಇನ್ನೊಂದು ಕಡೆ ಬಂದದ್ದು.

ಬಂದದ್ದು: ಬೇಸಿಕ್ 46,675, ಡಿಎ 5,718, ಎಚ್‌ಆರ್‌ಎ 3,501. ಒಟ್ಟು 55,894.

ಬರಬೇಕಿದ್ದದ್ದು: 47,800, 6,812, 3,585. ಒಟ್ಟು 58,197.

ತಿಂಗಳಿಗೆ 2,303 ಬಾಕಿ. ಇದರಲ್ಲಿ ಎಚ್‌ಆರ್‌ಎ ಬಾಕಿಯೂ 84 ರೂಪಾಯಿ ಇದೆ. ಬೇಸಿಕ್ ಏರಿತು, ಅದಕ್ಕೇ ಬಂತು. ಡಿಎ ಬಾಕಿಯಷ್ಟೇ ಇರುವ ಬಿಲ್ಲಿನಲ್ಲಿ ಎಚ್‌ಆರ್‌ಎ ಬಾಕಿ ಕಂಡರೆ ಏನೋ ಎಡವಟ್ಟಾಗಿದೆ ಅಂತಲೇ ಅರ್ಥ. ಇಂಕ್ರಿಮೆಂಟ್ ಬಾಕಿಯ ಬಿಲ್ಲಿನಲ್ಲಿ ಅದು ಕಾಣದಿದ್ದರೂ ಎಡವಟ್ಟೇ.

ಅವಸರಕ್ಕೆ ಬಿದ್ದ ಕಚೇರಿಗಳಲ್ಲಿ ಡಿಎ ಬಾಕಿಯನ್ನು ಮೊದಲು ಮಾಡಿಬಿಡುತ್ತಾರೆ, ಹಳೆಯ ಬೇಸಿಕ್ ಮೇಲೆ. 46,675ಕ್ಕೆ ಅದು 933. ಆಮೇಲೆ ಇಂಕ್ರಿಮೆಂಟ್ ಬಾಕಿಯನ್ನು ಹಳೆಯ ಡಿಎ ದರದಲ್ಲಿ ಮಾಡುತ್ತಾರೆ: 1,125 ಇಂಕ್ರಿಮೆಂಟ್, 138 ಡಿಎ, 84 ಎಚ್‌ಆರ್‌ಎ, ಒಟ್ಟು 1,347. ಎರಡೂ ಸೇರಿದರೆ 2,280. ತಿಂಗಳಿಗೆ 23 ರೂಪಾಯಿ ಕೈಬಿಟ್ಟಿತು, ಮೂರು ತಿಂಗಳಿಗೆ 69. ಸಣ್ಣ ಮೊತ್ತ, ಆದ್ದರಿಂದಲೇ ಯಾರ ಕಣ್ಣಿಗೂ ಬೀಳುವುದಿಲ್ಲ. ನನ್ನ ಹಳೆಯ ಕಚೇರಿಯಲ್ಲಿ ಇಂಥ ಬಿಟ್ಟುಹೋದ ಚೂರುಗಳನ್ನು ಎರಡು ವರ್ಷದ ನಂತರ ಹುಡುಕಿ ಮತ್ತೆ ಬಿಲ್ ಮಾಡಿದ್ದೇನೆ. ಒಂದು ಇಡೀ ಭಾನುವಾರ ಹೋಯಿತು. ಇಂಕ್ರಿಮೆಂಟ್ ಬಾಕಿ ಮುಗಿಯುವವರೆಗೆ ನಿಮ್ಮ ಡಿಎ ಬಾಕಿಯ ಬಿಲ್ ತಡೆಹಿಡಿಯಿರಿ ಅಂತ ಕೇಸ್ ವರ್ಕರ್‌ಗೆ ಹೇಳಿ. ಒಂದು ತಿಂಗಳು ತಡವಾದರೂ ಪರವಾಗಿಲ್ಲ.

ಮೇಡಂ ಕ್ಯಾಲೆಂಡರ್ ಹಾಳೆಯಲ್ಲಿ 4,096 ಹೊಡೆದುಹಾಕಿ 3,585 ಬರೆದರು. ಕಾಫಿ ಕುಡಿದು ಎದ್ದಾಗ, ಕೇಸ್ ವರ್ಕರ್ ಜೊತೆ ಜಗಳ ಆಡಿದ್ದು ಈಗ ಮುಜುಗರ ಅಂದರು. ಪಕ್ಕದ ಮೇಜಿನವರ 69 ರೂಪಾಯಿಯ ಚೀಟಿಯನ್ನು ನಾನು ಅವರ ಕೈಯಲ್ಲೇ ಕಳಿಸಿದೆ.