ಎಲ್-1 ಬಂದರೆ ಮುಗಿಯಿತೇ? ನೀರಿನ ಟೆಂಡರ್ ವರದಿ ಬರೆಯುವ ಬಗೆ

ಕಳೆದ ವಾರ ಪುಣೆಯ ಬಿಬ್ವೇವಾಡಿಯ ನಮ್ಮ ಮನೆಗೆ ಕಲಬುರ್ಗಿ ಕಡೆಯ ಹುಡುಗನೊಬ್ಬ ಬಂದಿದ್ದ. ಸಿವಿಲ್ ಓದಿ, ಇಲ್ಲಿನ ಸಲಹೆಗಾರರ ಕಚೇರಿಯೊಂದರಲ್ಲಿ ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿದೆ. ಊರಂಚಿನ ಬಡಾವಣೆಗಳಿಗೆ ನೀರು ಕೊಡುವ ಕೆಲಸದ ಟೆಂಡರ್ ತೆರೆದಿದ್ದಾರೆ, ತುಲನೆಯ ವರದಿಯ ಕರಡು ಇವನ ತಲೆಗೆ ಬಿದ್ದಿದೆ. "ಸರ್, ಕಡಿಮೆ ರೇಟು ಹಾಕಿದವನೇ ಎಲ್-1. ಅವನ ಹೆಸರು ಬರೆದ್ರೆ ಮುಗೀತು ಅಲ್ವಾ?" ಅಂದ.

ಮುಗಿಯಲಿಲ್ಲ. ಎರಡು ಸಲ ಚಹಾ ಆಯಿತು. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಲೆಕ್ಕ ಸುಲಭವಾಗಲಿ ಎಂದು ಅಂಕಿಗಳನ್ನು ನಾನೇ ದುಂಡಗೆ ಮಾಡಿಕೊಂಡಿದ್ದೇನೆ.

ಕೆಲಸ ಇಷ್ಟು: ಒಂದು ಮೇಲ್ಮಟ್ಟದ ಟ್ಯಾಂಕ್, 12 ಕಿಲೋಮೀಟರ್ ಡಿಐ, ಅಂದರೆ ಡಕ್ಟೈಲ್ ಕಬ್ಬಿಣದ ಪೈಪು. ಅಂದಾಜು 10 ಕೋಟಿ ರೂಪಾಯಿ, ಅವಧಿ ಒಂದೂವರೆ ವರ್ಷ. ಟೆಂಡರ್ ಹಾಕಿದವರು ಮೂವರು. ಅವರನ್ನು ಅ, ಬ, ಕ ಎನ್ನೋಣ.

ಮೊದಲ ಲಕೋಟೆ

ಎರಡು ಲಕೋಟೆಯ ಪದ್ಧತಿಯಲ್ಲಿ ತಾಂತ್ರಿಕ ಲಕೋಟೆ ಮೊದಲು ತೆರೆಯುತ್ತದೆ. ಅದರಲ್ಲಿ ಪಾಸಾದವರ ಬೆಲೆಯನ್ನು ಮಾತ್ರ ನೋಡುವುದು. ಇಲ್ಲಿ ಅಂಕ ಕೊಡುವ ಆಟ ಇಲ್ಲ. ಪ್ರತಿ ಷರತ್ತಿಗೂ ಒಂದು ಸಾಲು: ಟೆಂಡರ್ ಏನು ಕೇಳಿದೆ, ಇವರು ಏನು ಕೊಟ್ಟಿದ್ದಾರೆ, ಯಾವ ಪುಟದಲ್ಲಿದೆ, ಹೌದೋ ಅಲ್ಲವೋ.

ಪುಟದ ಸಂಖ್ಯೆ ಬಿಡಬೇಡಿ. ನಾನು ಕೆಲಸ ಕಲಿಯುವ ಕಾಲದಲ್ಲಿ ಒಂದು ವರದಿಯಲ್ಲಿ ಸುಮ್ನೆ "ಪ್ರಮಾಣಪತ್ರ ಸರಿ ಇದೆ" ಎಂದು ಬರೆದಿದ್ದೆ. ಎರಡು ವರ್ಷ ಬಿಟ್ಟು ಆಡಿಟ್‌ನವರು ಬಂದು "ಎಲ್ಲಿದೆ ತೋರಿಸಿ" ಅಂದರು. ಅದನ್ನು ಹುಡುಕಲು ಗೋದಾಮಿನ ಧೂಳಿನಲ್ಲಿ ನನ್ನ ಒಂದು ಇಡೀ ದಿನ ಹೋಯಿತು.

ಯಾವ ಕೊರತೆಯನ್ನು ಕೇಳಿ ತರಿಸಬಹುದು, ಯಾವುದನ್ನು ತರಿಸಬಾರದು ಎಂಬಲ್ಲಿ ಹೊಸಬರು ಎಡವುತ್ತಾರೆ. ನೋಂದಣಿ ಪತ್ರದ ಒಂದು ಪುಟ ಅಪ್‌ಲೋಡ್ ಆಗಿಲ್ಲ ಅನ್ನಿ. ಟೆಂಡರ್‌ನಲ್ಲಿ ಅವಕಾಶ ಇದ್ದರೆ ಕೇಳಿ, ಆದರೆ ಮೂವರಿಗೂ ಒಂದೇ ನ್ಯಾಯ ಇರಲಿ. ನಾವು ಕೆ-9 ದರ್ಜೆಯ ಪೈಪು ಕೇಳಿದ್ದೇವೆ, ಅವರು ಕೆ-7 ಕೊಡುತ್ತೇವೆ ಎಂದು ಬರೆದಿದ್ದಾರೆ ಅನ್ನಿ. ಅದು ಕಾಗದದ ತಪ್ಪಲ್ಲ. ಕೆ-7ರ ಗೋಡೆ ತೆಳು, ಬೆಲೆಯೂ ಕಡಿಮೆ. ಆಮೇಲೆ ತಿದ್ದಲು ಬಿಟ್ಟರೆ ಉಳಿದವರಿಗೆ ಮೋಸ ಮಾಡಿದಂತೆ.

ನಮ್ಮ ಕ ಬಿದ್ದದ್ದು ಬೇರೆ ಕಡೆ, ಬಿಡ್ ಸಾಮರ್ಥ್ಯದಲ್ಲಿ. ಈ ಕೆಲಸ ಹೊರುವಷ್ಟು ಜಾಗ ಅವರ ಹೆಗಲ ಮೇಲೆ ಇನ್ನೂ ಇದೆಯೇ ಎಂದು ನೋಡುವ ಲೆಕ್ಕ ಅದು. ಹಿಂದಿನ ಐದು ವರ್ಷಗಳಲ್ಲಿ ಯಾವುದಾದರೂ ಒಂದು ವರ್ಷ ಮಾಡಿದ ಅತಿ ಹೆಚ್ಚಿನ ಕೆಲಸದ ಬೆಲೆಯನ್ನು ಅವಧಿಯಿಂದ ಗುಣಿಸಿ, ಮತ್ತೆ ಟೆಂಡರ್ ಹೇಳಿದ ಗುಣಕದಿಂದ ಗುಣಿಸಿ, ಕೈಯಲ್ಲಿರುವ ಕೆಲಸಗಳಲ್ಲಿ ಅದೇ ಅವಧಿಯಲ್ಲಿ ಮಾಡಬೇಕಾದ ಬಾಕಿಯನ್ನು ಕಳೆಯಬೇಕು. ಇಲ್ಲಿ ಗುಣಕ 2. ಕ ಮಾಡಿದ ದೊಡ್ಡ ವರ್ಷದ ಕೆಲಸ 6 ಕೋಟಿ. 6ನ್ನು ಒಂದೂವರೆಯಿಂದ, ಮತ್ತೆ 2ರಿಂದ ಗುಣಿಸಿದರೆ 18. ಬಾಕಿ 11 ಕೋಟಿ. ಉಳಿದದ್ದು 7. ಬೇಕಿದ್ದದ್ದು 10. ಕ ಹೊರಗೆ, ಅವರ ಬೆಲೆಯ ಲಕೋಟೆ ತೆರೆಯುವ ಹಾಗಿಲ್ಲ.

ಈ ಬಾಕಿಯ ಪಟ್ಟಿಯನ್ನು ಮಾತ್ರ ಕಣ್ಣುಮುಚ್ಚಿ ನಂಬಬೇಡಿ. ಅಕ್ಕಪಕ್ಕದ ಕಚೇರಿಗಳು ಇತ್ತೀಚೆಗೆ ಯಾರಿಗೆ ಕೆಲಸ ಕೊಟ್ಟಿವೆ ಎಂದು ಟೆಂಡರ್ ಪೋರ್ಟಲ್‌ನಲ್ಲಿ ನೋಡಿದರೆ ಪಟ್ಟಿಯಿಂದ ಜಾರಿದ ಕೆಲಸ ಒಂದೆರಡು ಸಿಗುವುದುಂಟು.

ಬೆಲೆ: ಮೊತ್ತ ಅಲ್ಲ, ಸಾಲು ನೋಡಿ

ಅ ಹಾಕಿದ್ದು 9 ಕೋಟಿ 60 ಲಕ್ಷ. ಬ ಹಾಕಿದ್ದು 9 ಕೋಟಿ 54 ಲಕ್ಷ. ಬ 6 ಲಕ್ಷ ಕಡಿಮೆ, ಹಾಗಾಗಿ ಎಲ್-1. ಹುಡುಗ ಇಲ್ಲಿಗೇ ನಿಲ್ಲಿಸಿದ್ದ.

ಇದು ಐಟಂ ರೇಟಿನ ಟೆಂಡರ್, ಪ್ರತಿ ಬಾಬಿಗೂ ಬೇರೆ ದರ. ಅಗೆತದ ಎರಡು ಸಾಲುಗಳನ್ನು ನೋಡೋಣ. ಒಟ್ಟು 15,000 ಘನ ಮೀಟರ್ ಅಗೆತ. ಅದರಲ್ಲಿ ಮಣ್ಣು ಮತ್ತು ಗರಸಿನಂಥ ಮುರುಮ್ 12,000, ಗಟ್ಟಿ ಬಂಡೆ 3,000 ಎಂದು ಟೆಂಡರ್‌ನಲ್ಲಿದೆ. ಒಂದು ಘನ ಮೀಟರ್ ಮಣ್ಣಿಗೆ ಅ 200 ರೂಪಾಯಿ ಹಾಕಿದ್ದಾರೆ, ಬ ಬರೀ 100. ಬಂಡೆಗೆ ಅ 1,200, ಬ 2,400. ಉಳಿದೆಲ್ಲ ಸೇರಿ ಅ 9 ಕೋಟಿ, ಬ 8 ಕೋಟಿ 70 ಲಕ್ಷ.

ಮಣ್ಣಿಗೆ ಅರ್ಧ ದರ, ಬಂಡೆಗೆ ದುಪ್ಪಟ್ಟು. ಯಾಕೆ? ಬಂಡೆ 3,000ಕ್ಕಿಂತ ಜಾಸ್ತಿ ಬರುತ್ತದೆ ಎಂದು ಬ ಊಹಿಸಿರಬೇಕು. ಪುಣೆಯ ನೆಲ ಗೊತ್ತಲ್ಲ, ದಖ್ಖನ್ನಿನ ಕಪ್ಪು ಬಸಾಲ್ಟ್. ಎಷ್ಟೋ ಕಡೆ ಮೇಲಿನ ಮುರುಮ್ ಕೆರೆದರೆ ಸಾಕು, ಬಂಡೆ ಒಡೆಯುವ ಬ್ರೇಕರ್ ಕರೆಸಬೇಕು.

ಈಗ ಬಂಡೆ 6,000 ಬಂತು, ಮಣ್ಣು 9,000ಕ್ಕೆ ಇಳಿಯಿತು ಎಂದುಕೊಳ್ಳಿ. ಅ ಅವರ ಮೊತ್ತ 9 ಕೋಟಿ 90 ಲಕ್ಷ ಆಗುತ್ತದೆ. ಬ ಅವರದ್ದು 10 ಕೋಟಿ 23 ಲಕ್ಷ! ಕಡಿಮೆ ಇದ್ದವರು 33 ಲಕ್ಷ ದುಬಾರಿಯಾದರು. ಇಬ್ಬರ ಮೊತ್ತ ಸಮವಾಗುವುದು ಬಂಡೆ ಸುಮಾರು 3,461 ಘನ ಮೀಟರ್ ಆದಾಗ. ಅಂದರೆ ಅಂದಾಜಿಗಿಂತ ಬರೀ 461 ಜಾಸ್ತಿ ಬಂದರೂ ಸಾಕು, ಬ ಅಗ್ಗ ಅಲ್ಲ.

ಇದನ್ನು ಹಿಡಿಯಲು ದೊಡ್ಡ ವಿದ್ಯೆ ಬೇಡ. ಪ್ರತಿ ಸಾಲಿನ ಪಕ್ಕ ಆ ವರ್ಷದ ಸರ್ಕಾರಿ ದರಪಟ್ಟಿಯ ದರ ಬರೆಯಿರಿ. ಯಾವ ದರ ತೀರಾ ಮೇಲೆ ಅಥವಾ ತೀರಾ ಕೆಳಗೆ ಇದೆಯೋ ಅಲ್ಲಿ ಬೆರಳಿಟ್ಟು, ಪ್ರಮಾಣ ಬದಲಾದರೆ ಏನಾಗುತ್ತದೆ ಎಂದು ಲೆಕ್ಕ ಹಾಕಿ. ಅಗೆತ, ರಸ್ತೆ ದುರಸ್ತಿ, ನೀರು ಹೊರಹಾಕುವುದು: ಪ್ರಮಾಣ ಏರುಪೇರಾಗುವುದು ಜಾಸ್ತಿ ಇಂಥ ಬಾಬುಗಳಲ್ಲೇ. ಪೈಪಿನ ಉದ್ದ ಅಷ್ಟು ಆಟ ಆಡುವುದಿಲ್ಲ.

ಅಪಾಯದ ಭಾಗದಲ್ಲಿ ಏನು ಬರೆಯಬೇಕು

"ಹಾಗಾದ್ರೆ ಬ ಅವರನ್ನ ತೆಗೆದುಹಾಕೋಣ" ಅಂದ ಹುಡುಗ. ಆಗುವುದಿಲ್ಲ. ಟೆಂಡರ್‌ನಲ್ಲಿ ಕೊಟ್ಟ ಪ್ರಮಾಣದ ಮೇಲೆಯೇ ಎಲ್-1 ತೀರ್ಮಾನ ಎಂದು ಹೇಳಿ ಆಗಿದೆ. ಲಕೋಟೆ ತೆರೆದ ಮೇಲೆ ಹೊಸ ಅಳತೆಗೋಲು ತಂದರೆ ಬ ಕೋರ್ಟಿಗೆ ಹೋಗುತ್ತಾರೆ, ಹೋದರೆ ತಪ್ಪೂ ಅಲ್ಲ. ನಮ್ಮ ಕೈಯಲ್ಲಿರುವುದು ಅಪಾಯವನ್ನು ಅಳೆದು ಕಟ್ಟಿಹಾಕುವುದು.

ಮೊದಲು ಕರಾರು ಓದಿ. ಮಹಾರಾಷ್ಟ್ರದ ಲೋಕೋಪಯೋಗಿ ಇಲಾಖೆಯ ಮಾದರಿ ಕರಾರಿನಲ್ಲಿ 38ನೇ ಕಲಂ ಇದೆ. ಒಂದು ಬಾಬಿನ ಪ್ರಮಾಣ ಟೆಂಡರ್‌ನದ್ದಕ್ಕಿಂತ ಶೇ 25ಕ್ಕೂ ಮೀರಿದರೆ, ಮೀರಿದ ಭಾಗಕ್ಕೆ ಗುತ್ತಿಗೆದಾರರ ದರ ಅಲ್ಲ, ದರಪಟ್ಟಿಯಿಂದ ಲೆಕ್ಕ ಹಾಕಿದ ದರ. ನಮ್ಮ ಲೆಕ್ಕದಲ್ಲಿ 3,750ರವರೆಗೆ 2,400 ರೂಪಾಯಿ, ಮುಂದಿನ 2,250ಕ್ಕೆ ಈ ದರ. ಅದನ್ನು 1,300 ಎಂದು ಹಿಡಿದರೆ ಬ ಅವರ ಮೊತ್ತ 9 ಕೋಟಿ 98 ಲಕ್ಷಕ್ಕೆ ಇಳಿಯುತ್ತದೆ. ಮೀರಿದ ಭಾಗಕ್ಕೆ ಅದೇ 1,300 ಹಿಡಿದರೆ ಅ ಅವರದ್ದು 9 ಕೋಟಿ 92 ಲಕ್ಷ. 33 ಲಕ್ಷದ ಅಂತರ 6 ಲಕ್ಷಕ್ಕೆ ಬಂತು. ಕಲಂ ಇಲ್ಲದ ಕರಾರಾದರೆ ಇಡೀ 33 ಲಕ್ಷ ನಮ್ಮ ಮೇಲೆ. ಟೆಂಡರ್ ಸಮಿತಿಗೆ ಬೇಕಾದದ್ದು ಈ ಎರಡು ಅಂಕಿ. "ಅಪಾಯ: ಮಧ್ಯಮ" ಎಂಬ ಪದದಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

ಆಮೇಲೆ ಬ ಅವರಿಂದ ಆ ಎರಡು ದರಗಳ ವಿಶ್ಲೇಷಣೆ ಕೇಳಿ. ಇಷ್ಟು ಡೀಸೆಲ್, ಇಷ್ಟು ಬ್ರೇಕರ್ ಗಂಟೆ, ಇಷ್ಟು ಕೂಲಿ ಎಂದು ಬರೆದು ಕೊಡಲಿ. 100 ರೂಪಾಯಿಗೆ ಮಣ್ಣು ಅಗೆಯಲು ಆಗದಿದ್ದರೆ ಕೆಲಸ ಅರ್ಧಕ್ಕೆ ನಿಲ್ಲುವ ಭಯವೂ ಇದೆ. ಹೆಚ್ಚುವರಿ ಠೇವಣಿ ಪಡೆಯಲು ಟೆಂಡರ್‌ನಲ್ಲಿ ಅವಕಾಶ ಇದ್ದರೆ ಅದನ್ನೂ ಶಿಫಾರಸಿನಲ್ಲಿ ಸೇರಿಸಿ.

ಕೊನೆಗೆ, 3,000 ಎಂಬ ಅಂಕಿ ಎಲ್ಲಿಂದ ಬಂತು ಎಂದು ಕೇಳಿದೆ. ಹುಡುಗ ತಡವರಿಸಿದ. ಪರೀಕ್ಷಾ ಗುಂಡಿ ತೋಡಿಸಿರಲಿಲ್ಲ, ಹಳೆಯ ಅಂದಾಜನ್ನೇ ನಕಲು ಮಾಡಿದ್ದರಂತೆ. ಕೆಲಸದ ಆದೇಶ ಕೊಡುವ ಮುಂಚೆ ಪೈಪಿನ ದಾರಿಯಲ್ಲಿ ಕೆಲವು ಗುಂಡಿಗಳನ್ನಾದರೂ ತೋಡಿಸಿ ನೋಡಿ ಎಂದು ವರದಿಯಲ್ಲಿ ಬರೆ ಅಂದೆ. ಮರುದಿನ ಅವನೇ ಸೈಟಿಗೆ ಹೋಗಿ, ಕೇಬಲ್‌ನವರು ಅಗೆದು ಬಿಟ್ಟಿದ್ದ ಒಂದು ಕಾಲುವೆಯ ಫೋಟೋ ಕಳಿಸಿದ. ಪಕ್ಕದಲ್ಲಿ ಅಳತೆಗೆ ಟೇಪು ಹಿಡಿದಿದ್ದ. ಎರಡು ಅಡಿ ಮುರುಮ್, ಅದರ ಕೆಳಗೆಲ್ಲ ಕಪ್ಪು ಕಲ್ಲು.