ಸಾಲದ ಆಪ್ ಕಾಂಟ್ಯಾಕ್ಟ್ ಕೇಳಿದರೆ ಏನು ಮಾಡಬೇಕು?

ಸಾಲ ಕೊಡುವವರಿಗೆ ನಿಮ್ಮ ಸಂಬಳ ಎಷ್ಟು, ಹಳೇ ಸಾಲ ತೀರಿಸಿದ್ದೀರಾ ಎಂದು ಗೊತ್ತಾಗಬೇಕು, ಸರಿ. ಆದರೆ ನಿಮ್ಮ ಅಕ್ಕನ ನಂಬರ್ ಯಾಕೆ ಬೇಕು? ಐದೇ ನಿಮಿಷದಲ್ಲಿ ಸಾಲ ಎನ್ನುವ ಎಷ್ಟೋ ಆಪ್‌ಗಳು ಅದನ್ನೇ ಕೇಳುತ್ತವೆ. ಅವು ಅಡ ಇಟ್ಟುಕೊಳ್ಳುವುದು ನಿಮ್ಮ ಮರ್ಯಾದೆಯನ್ನು. ಫೋನ್‌ನಲ್ಲಿ ‘ಅಮ್ಮ’, ‘ಮಾವ’, ‘ಆಫೀಸ್ ಬಾಸ್’ ಎಂದೇ ಸೇವ್ ಮಾಡಿರುತ್ತೀರಿ ಅಲ್ವಾ? ಯಾರಿಗೆ ಕರೆ ಹೋದರೆ ನೀವು ತಲೆ ತಗ್ಗಿಸುತ್ತೀರಿ ಎಂದು ಆ ಹೆಸರುಗಳೇ ಹೇಳಿಬಿಡುತ್ತವೆ.

ಹಾಗಾಗಿ ಇನ್‌ಸ್ಟಾಲ್ ಮಾಡುವ ಮೊದಲೇ ಪ್ಲೇ ಸ್ಟೋರ್‌ನಲ್ಲಿ ಆ ಆಪ್‌ನ About this app ತೆರೆಯಿರಿ. ಕೊನೆಯವರೆಗೆ ಇಳಿದರೆ App permissions ಸಿಗುತ್ತದೆ. ಅಲ್ಲಿ Contacts ಇದ್ದರೆ ಅಲ್ಲಿಗೇ ಬಿಡಿ. ಸಾಲದ ಆಪ್‌ಗಳು ಕಾಂಟ್ಯಾಕ್ಟ್, ಫೋಟೊ ಮುಟ್ಟಬಾರದು ಎಂದು ಗೂಗಲ್ 2023ರಲ್ಲೇ ನಿಯಮ ಮಾಡಿದೆ. ಮೆಸೇಜಿನಲ್ಲಿ ಬರುವ ಲಿಂಕ್‌ನಿಂದ ನೇರವಾಗಿ ಇಳಿಸಿಕೊಳ್ಳುವ ಆಪ್‌ಗೆ ಆ ತಡೆಯೂ ಇಲ್ಲ. ಅದನ್ನಂತೂ ಮುಟ್ಟಲೇಬೇಡಿ.

ಈಗ ಲೆಕ್ಕಕ್ಕೆ ಬರೋಣ. ಆಪ್ 6,000 ಸಾಲ ಮಂಜೂರಾಗಿದೆ ಎನ್ನುತ್ತದೆ. ಖಾತೆಗೆ ಬೀಳುವುದು 3,900. ಉಳಿದ 2,100 ಪ್ರೊಸೆಸಿಂಗ್ ಫೀ, ಸರ್ವೀಸ್ ಚಾರ್ಜ್ ಎಂದು ಮೊದಲೇ ಮುರಿದುಕೊಂಡಿರುತ್ತಾರೆ. ಏಳು ದಿನಕ್ಕೆ ಪೂರ್ತಿ 6,000 ಕಟ್ಟಬೇಕು. ಕೈಗೆ ಬಂದಿದ್ದೇ ನಿಜವಾದ ಸಾಲ. ಹಾಗಾಗಿ 2,100ನ್ನು 3,900ರಿಂದ ಭಾಗಿಸಿ: ವಾರಕ್ಕೆ ಶೇ 54. ವರ್ಷದ ಲೆಕ್ಕದಲ್ಲಿ ಶೇ 2,800. ಪರದೆಯ ಮೇಲೆ ಮಾತ್ರ ‘ಬಡ್ಡಿ ತುಂಬಾ ಕಡಿಮೆ’ ಎಂದೇ ಇರುತ್ತದೆ. ವಾಯಿದೆ ದಿನ ‘1,500 ಕಟ್ಟಿ, ಇನ್ನೊಂದು ವಾರ ತಗೊಳ್ಳಿ’ ಎನ್ನುತ್ತಾರೆ. ಕಟ್ಟಿದರೂ 6,000 ಹಾಗೇ ಇರುತ್ತದೆ. ಅದನ್ನು ತೀರಿಸಲು ಇನ್ನೊಂದು ಆಪ್‌ಗೆ ಹೋದವರೇ ಜಾಸ್ತಿ ಸಿಕ್ಕಿಬೀಳುವುದು.

ಆಗಲೇ ಸಿಕ್ಕಿಕೊಂಡಿದ್ದರೆ ಗಾಬರಿಯಲ್ಲಿ ಆಪ್ ಅಳಿಸಬೇಡಿ. ಮೊದಲು ಸಾಲದ ಪುಟ, ಬೆದರಿಕೆಯ ಮೆಸೇಜು, ಖಾತೆಗೆ ಬಂದ ಹಣದ ವಿವರ, ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಡಿ. ಆಮೇಲೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ ಆಪ್‌ನ Permissions ತೆರೆದು Contacts ಅನ್ನು Don't allow ಮಾಡಿ, ನಂತರ ಆಪ್ ತೆಗೆಯಿರಿ. ಈಗಾಗಲೇ ಅವರ ಸರ್ವರ್‌ಗೆ ಹೋದ ಪಟ್ಟಿ ಇದರಿಂದ ವಾಪಸ್ ಬರುವುದಿಲ್ಲ. ಅದಕ್ಕೇ ಮುಂದಿನ ಕೆಲಸ ಮುಖ್ಯ: ಅವರಿಗಿಂತ ಮೊದಲು ನೀವೇ ನಿಮ್ಮವರಿಗೆ ಹೇಳಿ. ‘ನನ್ನ ಹೆಸರಲ್ಲಿ ಸಾಲದ ಮೆಸೇಜ್, ತಿರುಚಿದ ಫೋಟೊ ಬರಬಹುದು. ಉತ್ತರ ಕೊಡಬೇಡಿ, ಸ್ಕ್ರೀನ್‌ಶಾಟ್ ನನಗೆ ಕಳಿಸಿ’ ಎಂಬ ಎರಡು ಸಾಲು ಸಾಕು. ಹೇಳಲು ಕಷ್ಟ, ನಿಜ. ಆದರೆ ಎಲ್ಲರಿಗೂ ಗೊತ್ತಾದ ಮೇಲೆ ಅವರ ಕೈಯಲ್ಲಿ ಹೆದರಿಸಲು ಏನೂ ಉಳಿಯುವುದಿಲ್ಲ. ಅದೇ ದಿನ ಸೈಬರ್ ಪೊಲೀಸರಿಗೆ ದೂರು ಕೊಡಿ. ಸಾಲ ಕೊಟ್ಟ ಕಂಪನಿ ಯಾವುದು, ಬಾಕಿ ಎಷ್ಟು ಎಂದು ಬರಹದಲ್ಲಿ ಕೊಡುವವರೆಗೆ, ಯಾರದ್ದೋ ಸ್ವಂತ ಖಾತೆಗೆ ಒಂದು ಪೈಸೆಯನ್ನೂ ಹಾಕಬೇಡಿ.