ಟೈಟ್ರೇಶನ್‌ನಲ್ಲಿ ನೀಲಿ ಬಣ್ಣ ಬರ್ದೇ ಇದ್ದಿದ್ದಕ್ಕೆ ಕಾರಣ ಬಫರ್ (ನನ್ನ ಅನುಭವ)

ಬೋರ್‌ವೆಲ್ ನೀರಿನ ಗಡಸುತನ ನೋಡ್ತಿದ್ದೆ, ಇಡಿಟಿಎ ಬಿಡ್ತಾ ಹೋದ್ರೆ ವೈನ್ ಕೆಂಪು ನೇರಳೆಗೆ ಬಂದು ಅಲ್ಲೇ ಎಳೀತಿತ್ತು, ಎಂಡ್ ಪಾಯಿಂಟ್ ಎಲ್ಲಿ ಅಂತಾನೇ ಗೊತ್ತಾಗ್ತಿರ್ಲಿಲ್ಲ. ಇಂಡಿಕೇಟರ್ ಹಳೇದು ಅಂದ್ರು, ಹೊಸ ಇಬಿಟಿ ಹಾಕಿದ್ರೂ ಅದೇ ಕಥೆ. ಬಫರ್ ಹಾಕಿದ ಸ್ಯಾಂಪಲ್‌ಗೆ ಪಿಎಚ್ ಪೇಪರ್ ಅದ್ದಿದ್ರೆ 9ಕ್ಕಿಂತ ಕೆಳಗೆ! ಮುಚ್ಚಳ ಸಡಿಲ ಆಗಿ ಅಮೋನಿಯಾ ಹಾರಿಹೋಗಿತ್ತು, ಬಾಟ್ಲಿ ತೆಗೆದ್ರೆ ಘಾಟೇ ಇಲ್ಲ. ಇಡಿಟಿಎ ಮೊದ್ಲು ಕ್ಯಾಲ್ಸಿಯಂ ಹಿಡಿಯುತ್ತೆ, ಕೊನೇಲಿ ಇಬಿಟಿ ಕೈಲಿರೋ ಮೆಗ್ನೀಸಿಯಂ ಕಿತ್ಕೊಂಡಾಗ್ಲೇ ನೀಲಿ, ಪಿಎಚ್ 10ರ ಹತ್ರ ಇಲ್ದಿದ್ರೆ ಆ ಕಿತ್ಕೊಳ್ಳೋದು ಒಂದೇ ಸಲಕ್ಕೆ ಆಗಲ್ಲ. ಹೊಸ ಬಫರ್‌ಗೆ ಅಂತ 17.5 ಗ್ರಾಂ ಅಮೋನಿಯಂ ಕ್ಲೋರೈಡ್‌ಗೆ 142 ಮಿಲೀ ಕಾನ್ಸಂಟ್ರೇಟೆಡ್ ಅಮೋನಿಯಾ ಹಾಕಿ (ಫ್ಯೂಮ್ ಹುಡ್‌ನಲ್ಲೇ ಮಾಡಿ ಮಾರಾಯ್ರೇ) ನೀರಲ್ಲಿ 250 ಮಿಲೀ ಮಾಡಿದೆ. 50 ಮಿಲೀ ಸ್ಯಾಂಪಲ್, 0.01 ಮೋಲಾರ್ ಇಡಿಟಿಎ, 18.5 ಮಿಲೀಗೆ ಟಕ್ ಅಂತ ನೀಲಿ. ಅಂದ್ರೆ ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಲೀಟರ್‌ಗೆ 370 ಮಿಗ್ರಾಂ.